ಎರಡು ಭಾಷೆಯಲ್ಲೂ ನಗಬೇಕಾದ ಭಾಷಣ

ಒಗೆಯಲು ಹಾಕುವ ಮುನ್ನ ಅಂಗಿಯ ಜೇಬು ತಡಕಿದರೆ ನಾಲ್ಕು ಮಡಿಕೆಯ ಒಂದು ಹಾಳೆ ಸಿಕ್ಕಿತು. ಮೂಲೆಗೆ ಪಾಯಸ ಮೆತ್ತಿಕೊಂಡು ಅಂಟಂಟಾಗಿತ್ತು. ಏಲಕ್ಕಿಯ ವಾಸನೆ ಇನ್ನೂ ಹೋಗಿರಲಿಲ್ಲ. ಅದು ಅಪ್ಪ ಅವ್ವನ ಮದುವೆಯ ಐವತ್ತನೇ ವರ್ಷಕ್ಕೆ ನಾನು ಬರೆದ ಭಾಷಣ. ಹೋದ ಭಾನುವಾರ ಓದಿದ್ದು. ಅವತ್ತಿನಿಂದ ನನ್ನ ಫೋನು ಬಾಯಿ ಮುಚ್ಚಿಕೊಂಡು ಕೂತಿದೆ. ಹಾಗಾಗಲು ಈ ಹಾಳೆಯೇ ಕಾರಣ ಎಂದರೆ ನೀವು ನಂಬಲಿಕ್ಕಿಲ್ಲ. ನಿಧಾನವಾಗಿ ಹೇಳುತ್ತೇನೆ, ಕೂತುಕೊಳ್ಳಿ. ನನಗಂತೂ ಬೇರೆ ಕೆಲಸವಿಲ್ಲ.

ಮೊದಲು ನನ್ನ ಅಪ್ಪ ಅವ್ವನ ಒಂದು ಅಭ್ಯಾಸ ನಿಮಗೆ ಗೊತ್ತಾಗಬೇಕು. ಅವರು ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ. ಜಗಳವೇನೂ ಇಲ್ಲ. ಹೆಂಡತಿ ಗಂಡನ ಹೆಸರು ಹೇಳಬಾರದು, ಹಿರಿಯರ ಮುಂದೆ ಗಂಡ ಹೆಂಡತಿಯೊಡನೆ ಹಲ್ಲು ಕಿರಿಯಬಾರದು ಎನ್ನುವ ಕಾಲದಲ್ಲಿ ಮದುವೆಯಾದವರು. ಮಾತಿಗೆ ಮಧ್ಯೆ ಒಬ್ಬರು ಬೇಕಾಗಿತ್ತು. ನಾನು ಹುಟ್ಟಿದೆ. ಮಾತು ಬಂದ ದಿನದಿಂದ ನನಗೆ ಆ ಕೆಲಸ. ಅಪ್ಪ ಮೂರು ಅಡಿ ದೂರದಲ್ಲಿ ಕೂತಿದ್ದರೂ ಅವ್ವ ನನ್ನ ಮುಖ ನೋಡಿ, "ನಿಮ್ಮಪ್ಪಂಗೆ ಯೋಳು, ಮುದ್ದೆ ಆರೋಯ್ತದೆ ಬರಾಕೆ" ಅನ್ನುತ್ತಿದ್ದಳು. ಅಪ್ಪ ನನ್ನ ಮುಖ ನೋಡಿ, "ಬತ್ತೀನಿ ಅಂತ ನಿಮ್ಮವ್ವಂಗೆ ಯೋಳು" ಅನ್ನುತ್ತಿದ್ದ. ನಾನು ಬಾಯಿ ತೆರೆಯುವುದರೊಳಗೆ ಮುದ್ದೆ ತಟ್ಟೆಗೆ ಬಿದ್ದಿರುತ್ತಿತ್ತು.

ಹಿರಿಯರೆಲ್ಲ ಹೋಗಿ ಕಾಲವಾಯಿತು, ಅಭ್ಯಾಸ ಹೋಗಲಿಲ್ಲ. ಅಪ್ಪ ಅವ್ವ ನಮ್ಮೂರು ಕಟ್ಟೆಮಳಲವಾಡಿಯಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾರೆ. ಮನೆ ತುಂಬ ಜನ. ಆದರೂ ಅವ್ವನಿಗೆ ಈ ಕೆಲಸಕ್ಕೆ ಬೇರೆ ಯಾರೂ ಒಗ್ಗಲಿಲ್ಲ. ದಿನಾ ಬೆಳಿಗ್ಗೆ ಹುಣಸೂರಿನಲ್ಲಿರುವ ನನಗೆ ಫೋನು: "ಮಗ, ನಿಮ್ಮಪ್ಪಂಗೆ ಒಸಿ ಯೋಳು ಕಣಪ್ಪ, ಬಿಪಿ ಮಾತ್ರೆ ನುಂಗ್ಬುಟ್ಟು ಜಮೀನ್ತಾವ ಓಗ್ಲಿ." ಅಪ್ಪ ಪಕ್ಕದಲ್ಲೇ ಕೆಮ್ಮುವುದು ನನಗೆ ಕೇಳುತ್ತಿರುತ್ತದೆ. ಫೋನು ಕೈ ಬದಲಾಗುತ್ತದೆ. ಅಪ್ಪನಿಗೆ ಕಿವಿ ಮಂದ, ನಾನು ಕಿರುಚುತ್ತೇನೆ. ಪಕ್ಕದ ಮನೆಯವರಿಗೂ ಅಪ್ಪನ ಬಿಪಿಯ ಸ್ಥಿತಿ ತಿಳಿಯುತ್ತದೆ.

ನನ್ನ ಹೆಂಡತಿ ಜಯ ಇದ್ದಾಗ ಇದನ್ನು ಕೇಳಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. "ಸಂಬಳ ಇಲ್ದೆ ಇರೋ ಟಪಾಲಿನವ್ರು ಕಣ್ರೀ ನೀವು" ಅನ್ನುತ್ತಿದ್ದಳು. ನಮಗೆ ಮಕ್ಕಳಾಗಲಿಲ್ಲ, ಮಧ್ಯೆ ಯಾರೂ ಇರಲಿಲ್ಲ. ಹಾಗಾಗಿ ನಾವು ನೇರವಾಗಿಯೇ ಮಾತಾಡಿಕೊಂಡೆವು, ಜಗಳವನ್ನೂ ನೇರವಾಗಿಯೇ ಆಡಿದೆವು. ಅವಳು ತೀರಿಹೋದ ಮೇಲೆ ಈ ಮನೆಯಲ್ಲಿ ಕೇಳುವ ಮನುಷ್ಯರ ದನಿಯೆಂದರೆ ಆ ಬೆಳಗಿನ ಫೋನು. ಮುಚ್ಚಿಡುವುದೇನು, ನಾನು ಒಂಟಿ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜು ನಡೆಯುವ ತಿಂಗಳುಗಳಲ್ಲಿ ಅಷ್ಟು ಗೊತ್ತಾಗುವುದಿಲ್ಲ. ಸೊಪ್ಪು ಕೊಳ್ಳುವ ಒಂದು ಕಂಪನಿಗೆ ನಾನು ಗುಮಾಸ್ತ. ಹರಾಜು ಮುಗಿದರೆ ಗೋಡೆಯೇ ಗತಿ.

ಕಂಪನಿಯವರೊಡನೆ ಇಂಗ್ಲಿಷ್ ಆಡುತ್ತೇನೆ ಎನ್ನುವ ಒಂದೇ ತಪ್ಪಿಗೆ ಭಾಷಣ ನನ್ನ ತಲೆಗೆ ಬಂತು. ತಂಗಿ ಸುನಂದ ನರ್ಸು. ಎಚ್.ಡಿ. ಕೋಟೆಯಲ್ಲಿ ಕೆಲಸಕ್ಕಿದ್ದಾಗ ಕೇರಳದ ಮಾನಂದವಾಡಿಯ ಹುಡುಗನನ್ನು ಮೆಚ್ಚಿ ಮದುವೆಯಾದವಳು. ಅವಳ ಅತ್ತೆಯ ಕಡೆಯವರಿಗೆ ಕನ್ನಡ ಬಾರದು, ನಮ್ಮವರಿಗೆ ಮಲಯಾಳ ಬಾರದು. ಎರಡು ಕಡೆಗೂ ಅನುಕೂಲವಾಗಲೆಂದು ಎಚ್.ಡಿ. ಕೋಟೆಯಲ್ಲೇ ಒಂದು ಸಣ್ಣ ಹಾಲ್ ಹಿಡಿದಿದ್ದಳು. "ಅಣ್ಣ, ಕನ್ನಡದಲ್ಲೂ ಇಂಗ್ಲಿಷಲ್ಲೂ ಮಾತಾಡು. ಅಳಿಸ್ಬೇಡ, ನಗಿಸು. ಎರಡೂ ಕಡೆಯೋರು ನಗ್ಬೇಕು ಕಣೋ. ಒಂದು ಕಡೆಯೋರು ನಕ್ಕು ಇನ್ನೊಂದು ಕಡೆಯೋರು ಮಿಕಮಿಕ ನೋಡ್ತಾ ಕೂತ್ರೆ ನನ್ ಮಾನ ಓಯ್ತದೆ" ಅಂದಳು.

ಕನ್ನಡದಲ್ಲಿ ಬರೆದು ಇಂಗ್ಲಿಷಿಗೆ ತಿರುಗಿಸಿದರಾಯಿತು ಅಂದುಕೊಂಡೆ. "ಅಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ, ಆದರೆ ಅವ್ವ ಅಂದರೆ ಜೀವ" ಎಂದು ಬರೆದಿದ್ದೆ. ಅದನ್ನು ಇಂಗ್ಲಿಷ್ ಮಾಡಿ ಸುನಂದಳ ಮಗಳು ಅನುಗೆ ಫೋನಿನಲ್ಲಿ ಓದಿದೆ. ಆ ಹುಡುಗಿ, "ಮಾವ, ಅಜ್ಜನ ಮೂಗಿಗೆ ಏನಾಗಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿತು. ಆ ಸಾಲನ್ನು ಹೊಡೆದುಹಾಕಿದೆ. ಆಮೇಲೆ ಬುದ್ಧಿವಂತನ ಹಾಗೆ ಉಲ್ಟಾ ಹೊರಟೆ. ಗಂಡನಿಗೆ ಹೆಂಡತಿಯೇ ಬಾಸು ಎನ್ನುವಂಥ ಇಂಗ್ಲಿಷ್ ಜೋಕುಗಳನ್ನು ಫೋನಿನಲ್ಲಿ ಹುಡುಕಿ ಕನ್ನಡಕ್ಕೆ ತಂದೆ. ಇಂಗ್ಲಿಷಿನಲ್ಲಿ ಹುಡುಗಾಟವಾಗಿದ್ದದ್ದು ಕನ್ನಡಕ್ಕೆ ಬಂದ ಕೂಡಲೇ ದೊಡ್ಡವರನ್ನು ಆಡಿಕೊಂಡ ಹಾಗಾಯಿತು. ಸೋದರಮಾವಂದಿರು ಎದ್ದು ಹೋದಾರು ಎಂದು ಅದನ್ನೂ ಬಿಟ್ಟೆ.

ಹೊಗೆಸೊಪ್ಪನ್ನು ಕೈಯಲ್ಲಿ ಹಿಡಿದರೆ ಯಾವುದು ಪುಡಿಯಾಗುತ್ತದೆ, ಯಾವುದು ಬಾಗುತ್ತದೆ ಎಂದು ಗೊತ್ತಾಗುತ್ತದೆ. ಜೋಕನ್ನು ಹಾಗೆ ಹಿಡಿದು ನೋಡಲು ಎದುರಿಗೆ ಇನ್ನೊಬ್ಬರು ಬೇಕು. ಹಿಂದೆಲ್ಲ ನಾನು ಏನು ಗೀಚಿದರೂ ಜಯಳಿಗೆ ಓದುತ್ತಿದ್ದೆ. ಅವಳು ಕಾಯಿ ತುರಿಯುವುದನ್ನು ನಿಲ್ಲಿಸಿದರೆ ಆ ಸಾಲು ಪಾಸು, ನಿಲ್ಲಿಸದಿದ್ದರೆ ಫೇಲು. ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಕುಕ್ಕರಿಗೆ ಓದಿದೆ. ಕುಕ್ಕರು ತನಗೆ ಬೇಕಾದಾಗ ಕೂಗಿತು. ನಗು ಬರಬೇಕಾದ ಜಾಗದಲ್ಲಿ ನಾನೇ ನಿಲ್ಲಿಸಿ ಕಾದೆ, ಯಾರೂ ನಗಲಿಲ್ಲ. ಅವತ್ತು ಹಾಳೆ ಮಡಿಚಿಟ್ಟು ಊಟ ಮಾಡದೆ ಮಲಗಿದೆ.

ದಾರಿ ತೋರಿಸಿದ್ದು ಅಪ್ಪನ ಕಿವಿ. ನಾನು ಏನು ಓದಿದರೂ ಅಪ್ಪನಿಗೆ ಅರ್ಧ ಕೇಳುವುದಿಲ್ಲವಲ್ಲ, ಅವನಿಗಾಗಿಯೇ ಮಾಡುವ ಭಾಷಣ ಅವನಿಗೇ ಮುಟ್ಟದಿದ್ದರೆ ಏನು ಬಂತು ಎಂದು ಯೋಚಿಸುತ್ತಿದ್ದೆ. ಆಗ ಹೊಳೆಯಿತು. ಕಿವಿ ಕೇಳದವನೂ ಕಣ್ಣಿನಲ್ಲಿ ನೋಡಿ ನಗುವಂಥದ್ದಾದರೆ ಅದು ಯಾವ ಭಾಷೆಯಲ್ಲೂ ಸಾಯುವುದಿಲ್ಲ. ಮಾತಿನ ಚಮತ್ಕಾರವನ್ನೆಲ್ಲ ಕಿತ್ತು ಬಿಸಾಕಿದೆ. ನಡೆದದ್ದನ್ನು ಮಾತ್ರ ಉಳಿಸಿಕೊಂಡೆ.

ಮೊದಲಿಗೆ ಅಪ್ಪ ಮಾವನ ಮನೆಗೆ ಹೋದ ಕಥೆ ಉಳಿಯಿತು. ಅವ್ವ ಕೆ.ಆರ್. ನಗರದ ಕಡೆಯವಳು, ನೀರಾವರಿ ಸೀಮೆ, ಅನ್ನದ ಊಟ. ಅಪ್ಪ ರಾಗಿಯವನು, ಮುದ್ದೆ ಇಲ್ಲದ್ದು ಅವನಿಗೆ ಊಟವೇ ಅಲ್ಲ. ಹೊಸ ಅಳಿಯನಿಗೆ ಎಲೆ ತುಂಬ ಅನ್ನ ಬಡಿಸಿದರು. ಅಷ್ಟನ್ನೂ ತಿಂದು ಮುಗಿಸಿ ಅಪ್ಪ ಏಳಲೇ ಇಲ್ಲ, ಊಟಕ್ಕೆ ಯಾವಾಗ ಬಡಿಸುತ್ತಾರೆ ಎಂದು ಕಾದು ಕೂತಿದ್ದ. ಇದನ್ನು ಓದಿದಾಗ ಅನು ಖಿಲ್ಲೆಂದಿತು. ಆ ನಗು ಕೇಳಿ ನನಗೆ ಕಣ್ಣು ತುಂಬಿತು. ನನ್ನ ಮಾತಿಗೆ ಯಾರಾದರೂ ನಕ್ಕು ಬಹಳ ದಿನವಾಗಿತ್ತು.

ಇನ್ನೊಂದು ತೊಡಕಿತ್ತು. ಒಂದೇ ಜೋಕನ್ನು ಎರಡು ಸಲ ಹೇಳಿದರೆ ಎರಡನೇ ಸಲ ಅದು ತಂಗಳು. ಮೊದಲು ನಕ್ಕವರು ಆಕಳಿಸುತ್ತಾರೆ, ಆಮೇಲಿನವರು ನಮ್ಮನ್ನೇ ನೋಡಿ ನಕ್ಕರೇನೋ ಎಂದು ಅನುಮಾನಪಡುತ್ತಾರೆ. ಅದಕ್ಕೆ ಪೀಠಿಕೆಯನ್ನು ಮಾತ್ರ ಎರಡು ಭಾಷೆಯಲ್ಲಿ ಬರೆದೆ. ಕನ್ನಡದವರಿಗೆ ಒಂದೇ ಸಾಲು ಸಾಕು, ಗಂಡ ಹೆಂಡತಿ ಮಕ್ಕಳ ಮೂಲಕ ಮಾತಾಡುವುದು ಮನೆಮನೆಯಲ್ಲಿ ಕಂಡದ್ದೇ. ಇಂಗ್ಲಿಷಿಗೆ ಮೂರು ಸಾಲು ಹಿಡಿಯಿತು. ನಗುವ ಜಾಗ ಮಾತ್ರ ಒಂದೇ, ಅವ್ವನ ಬಾಯಿಯ ಮಾತೇ: "ನಿಮ್ಮಪ್ಪಂಗೆ ಯೋಳು." ಮೊದಲ ಸಲ ಅದನ್ನು ಕೇರಳದವರಿಗೆ ಪಾಠದ ಹಾಗೆ ಹೇಳಿಕೊಡುವುದು, "ಟೆಲ್ ಯುವರ್ ಫಾದರ್" ಅಂತ. ಎರಡನೇ ಸಲ ಅರ್ಥ ಹೇಳದೆ ಅವ್ವನ ಕಡೆ ಒಮ್ಮೆ, ಅಪ್ಪನ ಕಡೆ ಒಮ್ಮೆ ಕತ್ತು ತಿರುಗಿಸುವುದು. ಮೂರನೇ ಸಲ ನಾನು ಸುಮ್ಮನೆ ನಿಲ್ಲುವುದು, ಹಾಲ್ ತಾನೇ ಹೇಳಬೇಕು. ಅದಕ್ಕಾಗಿ ಅವರಿಬ್ಬರ ಕುರ್ಚಿಗಳ ನಡುವೆ ನನ್ನ ಜಾಗ ಗೊತ್ತು ಮಾಡಿಸಿದೆ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ, ಉಸಿರು ನಿಲ್ಲಿಸುವ ಕಡೆ ಕೆಂಪು ಗೀಟು ಎಳೆದೆ. ಊಟಕ್ಕೆ ಮುಂಚೆಯೇ ಮಾತು ಎಂದು ಸುನಂದಳಿಗೆ ತಾಕೀತು ಮಾಡಿದೆ. ಹೊಟ್ಟೆ ತುಂಬಿದವರನ್ನು ಯಾವ ಭಾಷೆಯಲ್ಲೂ ನಗಿಸಲಾಗುವುದಿಲ್ಲ.

ಕೊನೆಗೆ ನಗುವಿಲ್ಲದ ಒಂದು ಮಾತು ಇಟ್ಟೆ. "ಒಬ್ಬರಿಗೊಬ್ಬರು ಹೇಳಲಾರದ್ದನ್ನೆಲ್ಲ ಇವರು ನನ್ನ ಕೈಲಿ ಹೇಳಿಸಿದರು. ಇವರ ಪ್ರೀತಿಯ ಅಷ್ಟೂ ಮಾತನ್ನು ಕೇಳಿದವನು ನಾನೊಬ್ಬನೇ." ಇಂಗ್ಲಿಷಿನಲ್ಲಿ ಅದನ್ನೇ ಇನ್ನೂ ಚಿಕ್ಕದಾಗಿ ಬರೆದಿದ್ದೆ.

ಭಾನುವಾರ ಅನ್ನದ ಕಥೆಗೆ ಎರಡೂ ಕಡೆಯವರು ಒಟ್ಟಿಗೇ ನಕ್ಕರು. ಅರ್ಧ ಭಾರ ಇಳಿಯಿತು. ಮೂರನೇ ಸಲ ನಾನು ಬಾಯಿ ಮುಚ್ಚಿ ನಿಂತಾಗ ಸುನಂದಳ ಅತ್ತೆಯೇ ಮಲಯಾಳದ ರಾಗ ಎಳೆದು ಮೊದಲು ಮಾಡಿದರು, ಹಿಂದೆಯೇ ಇಡೀ ಹಾಲ್ ಕೂಗಿತು: "ನಿಮ್ಮಪ್ಪಂಗೆ ಯೋಳು!" ಅಪ್ಪ ಗಾಬರಿಯಾಗಿ ಎಲ್ಲರ ಮುಖ ನೋಡಿದ. ನನ್ನ ಕಡೆ ತಿರುಗಿ, "ಏನಂತ್ಲಾ? ನಿಮ್ಮವ್ವನ್ನ ಕೇಳು" ಅಂದ. ಅವ್ವ ಅಭ್ಯಾಸದಂತೆ ನನ್ನ ಮುಖ ನೋಡಿದಳು. ಏನಾಯಿತೋ, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅದು ಹಾಳೆಯಲ್ಲಿ ಇರಲಿಲ್ಲ.

ನಡುವೆ ಯಾರೂ ಇಲ್ಲ. ಹಾಲೆಲ್ಲ ಕಾಯುತ್ತಿದೆ. ಅವ್ವ ಸೆರಗು ಸರಿಮಾಡಿಕೊಂಡು, ಅಪ್ಪನ ಕಿವಿಯ ಹತ್ತಿರ ಬಾಗಿ, "ನಿಮ್ ಮಗ ನಮ್ಮಿಬ್ರುನ್ನೂ ಆಡ್ಕತಾವ್ನೆ ಕಣ್ರೀ. ಸುಮ್ಕೆ ನಗಿ" ಅಂದಳು. ಅಪ್ಪ ಅವಳ ಮುಖವನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಗದ್ದಲದಲ್ಲಿ ನನ್ನ ಕೊನೆಯ ಮಾತು ಓದಲು ಆಗಲೇ ಇಲ್ಲ. ಊಟಕ್ಕೆ ಕೂತಾಗ ಪಕ್ಕದ ಎಲೆಯಿಂದ ಕೇಳಿಸುತ್ತಿತ್ತು. "ಪಾಯ್ಸ ಬ್ಯಾಡ, ಸಕ್ರೆ ಅದೆ ನಿಮ್ಗೆ." "ಒಂದೇ ಒಂದು ಸೌಟು ಕಣಮ್ಮಿ." ನಾನು ಕತ್ತೆತ್ತದೆ ಉಂಡೆ.

ಅದಾದ ಮೇಲೆ ಬೆಳಗಿನ ಫೋನು ಬರಲಿಲ್ಲ. ಮಾತ್ರೆ ನುಂಗಿ ಎಂದು ಅವ್ವನೇ ಹೇಳುತ್ತಿರಬೇಕು. ಒಳ್ಳೆಯದೇ ಆಯಿತು, ಸಂತೋಷ. ಆದರೆ ಕೆಲಸ ಕಳೆದುಕೊಂಡವನ ಹಾಗೆ ಫೋನಿನ ಮುಂದೆ ಕೂತಿರುವ ನನ್ನನ್ನು ನೋಡಿ ನೀವು ನಗುವುದಾದರೆ ನಗಿ, ಈ ಜೋಕಿಗೂ ಭಾಷೆ ಬೇಕಿಲ್ಲ.

ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಈಗ ನಾನೇ ಫೋನು ಮಾಡಿದೆ. ಅವ್ವ ಎತ್ತಿದಳು. "ಯಾಕ್ ಮಗ, ಊಟ ಆಯ್ತಾ?" ಅಂದಳು. ಆಯಿತು ಎನ್ನಬೇಕೆಂದಿದ್ದೆ. ಜಯ ಹೋದಾಗಿನಿಂದ ಅಪ್ಪನಿಗೂ ಅವ್ವನಿಗೂ ಹೇಳಲಾಗದೆ ಉಳಿದದ್ದು ಒಂದಿತ್ತು. ಅದು ನೇರವಾಗಿ ಬಾಯಿಗೆ ಬರುವುದಿಲ್ಲ. ಅವರು ಐವತ್ತು ವರ್ಷ ಯಾಕೆ ಒಬ್ಬ ನಡುವಿನವನನ್ನು ಇಟ್ಟುಕೊಂಡಿದ್ದರು ಎನ್ನುವುದು ಆಗ ನನಗೆ ಅರ್ಥವಾಯಿತು.

"ಅವ್ವ, ಅಪ್ಪಂಗೆ ಹೇಳು," ಅಂದೆ. "ಇಲ್ಲಿ ಒಬ್ಬನೇ ಇರೋಕೆ ಆಗ್ತಿಲ್ಲ ಅಂತ."

ಅವ್ವ ಫೋನನ್ನು ಕಿವಿಯಿಂದ ಸರಿಸಿ, ಜೋರಾಗಿ, "ಕೇಳುದ್ರಾ, ಮಗುಂಗೆ ಅಲ್ಲಿ ಒಬ್ನೇ ಇರಾಕ್ ಆಯ್ತಿಲ್ವಂತೆ" ಅಂದಳು. ದೂರದಿಂದ ಅಪ್ಪನ ಕೆಮ್ಮು. ಅದರ ಹಿಂದೆಯೇ ಅಪ್ಪನ ದನಿ: "ಮತ್ತೆ ಅಲ್ಲೇನ್ ಮಾಡ್ತಾವ್ನೆ? ಸಂಜೆ ಬಸ್ಸಿಗೇ ಬಂದ್ಬುಡಾಕ್ ಯೋಳು. ಅವ್ನ ಮನೆ ಅಲ್ವಾ ಇದು?"

"ಕೇಳಿಸ್ತಾ ಮಗ?" ಅಂದಳು ಅವ್ವ.

ಪ್ರತಿಯೊಂದು ಅಕ್ಷರವೂ ಕೇಳಿಸಿತ್ತು.

"ಇಲ್ಲ ಕಣವ್ವ," ಅಂದೆ. "ಏನಂದ್ರು?"