ಒಂದು ಮತ್ತು ಎರಡರ ನಡುವೆ

ಲ್ಯಾಬ್ ಪರೀಕ್ಷೆಯ ದಿನ ಬೆಳಿಗ್ಗೆಯಿಂದ ಮಳೆ ಹಿಡಿದಿತ್ತು ಎಂದು ಬರೆದು, ಹೊಡೆದುಹಾಕಿದೆ. ಮಳೆ ಇರಲಿಲ್ಲ. ಇದ್ದಿದ್ದರೆ ಬರವಣಿಗೆಗೆ ಒಪ್ಪುತ್ತಿತ್ತು, ಅಷ್ಟೆ. ಆ ದಿನದ್ದು ನನಗೆ ಖಾತ್ರಿಯಾಗಿ ನೆನಪಿರುವುದು ಎರಡು ಸಂಖ್ಯೆಗಳು ಮಾತ್ರ: 1.5707 ಮತ್ತು 0.8603. ಮೊದಲನೆಯದು ನನ್ನನ್ನು ಮುಳುಗಿಸುವುದರಲ್ಲಿತ್ತು.

ಸಮೀಕರಣಗಳಿಗೆ ಕಂಪ್ಯೂಟರಿನಲ್ಲಿ ಅಂದಾಜು ಉತ್ತರ ಹುಡುಕುವ ನ್ಯೂಮರಿಕಲ್ ಮೆಥಡ್ಸ್ ಲ್ಯಾಬಿನಲ್ಲಿ ನಾನು ಆಗಲೇ ಒಮ್ಮೆ ಫೇಲಾಗಿದ್ದೆ. ಯಾಕೆ ಎಂಬುದಕ್ಕೆ ನನ್ನ ಬಳಿ ಮೂರು ಕಾರಣಗಳಿವೆ. ಮೂರೂ ನನಗೆ ಅನುಕೂಲವಾದವೇ ಆದ್ದರಿಂದ ಯಾವುದನ್ನೂ ನಂಬುವುದು ಬೇಡ. ಎರಡನೇ ಸಲವೂ ಹೋದರೆ ಇಯರ್ ಬ್ಯಾಕ್. ಜೊತೆಯವರೆಲ್ಲ ಮುಂದಿನ ವರ್ಷಕ್ಕೆ ಹೋಗುತ್ತಾರೆ, ನಾನು ಜೂನಿಯರ್‌ಗಳ ಜೊತೆ ಅದೇ ಬೆಂಚಿನಲ್ಲಿ ಕೂರಬೇಕು.

ನನಗೆ ಪಾಠ ಹೇಳಿಕೊಡಲು ಕೂತವನು ನನ್ನ ಗೆಳೆಯ. ಬಾಗಲಕೋಟೆ ಕಡೆಯವನು, ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದ, ಆ ಲ್ಯಾಬನ್ನು ಮೊದಲ ಸಲಕ್ಕೇ ಪಾಸು ಮಾಡಿದ್ದ. ಕತ್ರಿಗುಪ್ಪೆಯಿಂದ ನಾನು ಭಾನುವಾರ ಹೋಗುತ್ತಿದ್ದೆ. ಒಂದೇ ಮಂಚ, ನಡುವೆ ಲ್ಯಾಪ್‌ಟಾಪ್, ಕಿಟಕಿಯಲ್ಲಿ ಒಣಗುವ ಟವೆಲ್. ಬೈಸೆಕ್ಷನ್ ಅಂದರೇನು ಎಂದು ಕೇಳಿದ್ದಕ್ಕೆ ಅವನು ಪುಸ್ತಕ ತೆರೆಯಲಿಲ್ಲ.

"ನಿನ್ನ ಪರ್ಸ್ ಬಸ್ಸಿನ್ಯಾಗ ಕಳೀತು ತಿಳ್ಕೋ," ಅಂದ. "ಬನಶಂಕರಿಯಾಗ ಇತ್ತು, ಸಿಲ್ಕ್ ಬೋರ್ಡಿನ್ಯಾಗ ಇಲ್ಲ. ನಡುವ ಎಲ್ಲೋ ಹೋಗೈತಿ. ಜೆಪಿ ನಗರದಾಗ ಇತ್ತೇನು? ಇತ್ತಂದ್ರ ಮುಂದಿನ ಅರ್ಧ ಹುಡುಕು, ಇಲ್ಲಂದ್ರ ಹಿಂದಿನ ಅರ್ಧ. ಇಷ್ಟ ನೋಡಪಾ."

ನಿಜಕ್ಕೂ ಇಷ್ಟೇ. ಒಂದು ತುದಿಯಲ್ಲಿ ಸಮೀಕರಣದ ಬೆಲೆ ಮೈನಸ್, ಇನ್ನೊಂದು ತುದಿಯಲ್ಲಿ ಪ್ಲಸ್ ಇದ್ದರೆ ಸೊನ್ನೆ ಆಗುವ ಜಾಗ ಮಧ್ಯದಲ್ಲಿದೆ. ಅರ್ಧ ಮಾಡು, ಚಿಹ್ನೆ ಬದಲಾಗುವ ಅರ್ಧವನ್ನು ಇಟ್ಟುಕೊ, ಮತ್ತೆ ಅರ್ಧ ಮಾಡು. ಮ್ಯಾಟ್‌ಲ್ಯಾಬ್ ಸಾಫ್ಟ್‌ವೇರಿನಲ್ಲಿ ಹತ್ತು ಹನ್ನೆರಡು ಸಾಲಿನ ಪ್ರೋಗ್ರಾಂ. ಆ ಸಾಲುಗಳನ್ನು ನಾನು ಕಣ್ಣು ಮುಚ್ಚಿ ಟೈಪ್ ಮಾಡುವಷ್ಟು ಬಾಯಿಪಾಠ ಮಾಡಿದೆ.

ಆರಂಭದ ಎರಡು ತುದಿಗಳನ್ನು ಹುಡುಕುವುದು ಹೇಗೆ ಎಂದು ಕೇಳಿದಾಗ, ನನ್ನ ನೆನಪಿನ ಪ್ರಕಾರ, ಅವನು ನಕ್ಕ. ನಮ್ಮ ಲ್ಯಾಬ್ ರೆಕಾರ್ಡ್ ಪುಸ್ತಕದ ಲೆಕ್ಕಗಳನ್ನೆಲ್ಲ ತೋರಿಸಿದ. ಒಂದರ ಉತ್ತರ 1.3247, ಇನ್ನೊಂದರದು 1.4142, ಮತ್ತೊಂದರದು 1.3652. ಎಲ್ಲವೂ ಒಂದು ಮತ್ತು ಎರಡರ ನಡುವೆ. ಎ ಒಂದು, ಬಿ ಎರಡು ಹಾಕಿಬಿಡು, ಯೋಚನೆ ಮಾಡಬೇಡ ಎಂದ. ಆಮೇಲೆ ಇದನ್ನೂ ಹೇಳಿದ: "ನೀ ಫೇಲಾದ್ರ ನಾ ನಿನಗ ಸೀನಿಯರ್. ಕ್ಯಾಂಟೀನಿನ್ಯಾಗ ಎದ್ದು ನಿಂತು ಸಾರ್ ಅನ್ಬೇಕು."

ಪರೀಕ್ಷೆ ಕುಮಾರಸ್ವಾಮಿ ಲೇಔಟಿನ ನಮ್ಮ ಕಾಲೇಜಿನ ಎರಡನೇ ಮಹಡಿಯಲ್ಲಿ. ಹೊರಗಿನಿಂದ ಬಂದ ಎಕ್ಸಾಮಿನರ್ ಒಬ್ಬರು ಮೇಡಂ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಲ್ಲಿ ಹಾಕಿಕೊಂಡಿದ್ದರು. ದಾರ ಕೆಂಪು, ಅಥವಾ ಈಗ ನಾನು ಬಣ್ಣ ಬಳಿಯುತ್ತಿದ್ದೇನೆ. ಚೀಟಿ ಎತ್ತಿದೆ. x tan x = 1: ಇದರ ಅತಿ ಚಿಕ್ಕ ಧನ ಮೂಲವನ್ನು ಬೈಸೆಕ್ಷನ್‌ನಿಂದಲೂ ಇಟರೇಶನ್‌ನಿಂದಲೂ ಕಂಡುಹಿಡಿಯಿರಿ, ಎರಡೂ ನಾಲ್ಕು ದಶಾಂಶದವರೆಗೆ ಹೊಂದಬೇಕು.

ಬೆರಳುಗಳು ತಾವಾಗಿಯೇ ಓಡಿದವು. ಸೊನ್ನೆ ಆಗಬೇಕಾದದ್ದು x tan x - 1. ಎ ಒಂದು, ಬಿ ಎರಡು. ಚಿಹ್ನೆ ಬದಲಾಗುತ್ತದೆಯೇ ಎಂದು ಪ್ರೋಗ್ರಾಂ ಪರೀಕ್ಷಿಸಿತು, ಬದಲಾಗುತ್ತಿತ್ತು. ಹದಿನಾಲ್ಕು ಸಲ ಅರ್ಧ ಮಾಡಿ 1.5707 ಎಂದು ತೋರಿಸಿ ನಿಂತಿತು. ಐದು ನಿಮಿಷವೂ ಆಗಿರಲಿಲ್ಲ. ಉತ್ತರಪತ್ರಿಕೆಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ.

ಇಟರೇಶನ್ ಮಾತ್ರ ಒಪ್ಪಲಿಲ್ಲ. ಅದರಲ್ಲಿ x ಒಂದನ್ನೇ ಎಡಗಡೆ ಉಳಿಸಿ, ಬಲಗಡೆಗೆ ಬೆಲೆ ಕೊಟ್ಟು, ಬಂದ ಉತ್ತರವನ್ನೇ ಮತ್ತೆ ಮತ್ತೆ ಕೊಡುತ್ತಾ ಹೋಗಬೇಕು. ನಾನು x = 1/tan x ಎಂದು ಬರೆದು ಒಂದರಿಂದ ಶುರುಮಾಡಿದೆ. 0.64 ಬಂತು, 1.34 ಬಂತು, 0.24 ಬಂತು, ಆಮೇಲೆ ಒಮ್ಮೆಲೇ 4.12. ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡಾಡುತ್ತಿತ್ತು. ಹೇಗಾದರೂ 1.5707ರ ಬಳಿ ತರಬೇಕೆಂದು ಅರ್ಧ ಗಂಟೆ ಗುದ್ದಾಡಿದೆ. ಒಂದು ಹಂತದಲ್ಲಿ ಸಂಖ್ಯೆಗಳನ್ನು ಕೈಯಲ್ಲೇ ಬರೆದುಬಿಡೋಣ ಅನ್ನಿಸಿತು. ಬರೆಯಲಿಲ್ಲ. ಪ್ರಾಮಾಣಿಕತೆಯಿಂದಲ್ಲ, ಮೇಡಂ ಬೆನ್ನ ಹಿಂದೆ ಬಂದು ನಿಂತಿದ್ದರು.

ಪರದೆ ನೋಡಿದರು. ಪತ್ರಿಕೆಯ ಎರಡು ಗೆರೆ ನೋಡಿದರು.

"1.5707. ಈ ನಂಬರ್ ಎಲ್ಲೋ ನೋಡಿದ ಹಾಗಿದೆಯಲ್ಲ?"

"ಪೈ ಬೈ ಟೂ ಹತ್ರ ಇದೆ ಮೇಡಂ."

"ಅಲ್ಲಿ ಟ್ಯಾನ್ ಎಷ್ಟು?"

ಸಿಕ್ಕ ಮೂಲವನ್ನು ಸಮೀಕರಣದಲ್ಲಿ ಇಟ್ಟು ನೋಡು ಎಂದರು. ಇಟ್ಟೆ. ಸೊನ್ನೆಯ ಹತ್ತಿರ ಬರಬೇಕಿದ್ದದ್ದು ಇಪ್ಪತ್ತೇಳು ಸಾವಿರದ ಮೇಲೆ ಬಂತು.

"ಚಿಹ್ನೆ ಬದಲಾಗಿದೆ, ಸರಿ. ಸೊನ್ನೆ ದಾಟಿ ಬದಲಾಯ್ತಾ, ಹಾರಿ ಬದಲಾಯ್ತಾ?" ಎಂದು ಕೇಳಿ ಮುಂದಿನ ಹುಡುಗಿಯ ಕಡೆ ಹೋದರು.

ಗ್ರಾಫ್ ಹಾಕಿದೆ. ಮೊದಲೇ ಮಾಡಬೇಕಿದ್ದ ಕೆಲಸ. ವಕ್ರರೇಖೆ ಮೈನಸ್ ಒಂದರಿಂದ ಹೊರಟು, ಒಂದಕ್ಕಿಂತ ಮೊದಲೇ ಸೊನ್ನೆಯ ಗೆರೆ ದಾಟಿ, ಪೈ ಬೈ ಟೂ ಬಳಿ ಆಕಾಶಕ್ಕೆ ಹೋಗಿ, ಆಚೆ ಕಡೆ ಪಾತಾಳದಿಂದ ಮೇಲೆ ಬರುತ್ತಿತ್ತು. ನಡುವೆ ಮ್ಯಾಟ್‌ಲ್ಯಾಬೇ ತುಂಡು ತುಂಡಾದ ಲಂಬ ಗೆರೆ ಎಳೆದು ತೋರಿಸಿತ್ತು. ನನ್ನ ಪ್ರೋಗ್ರಾಂ ಹದಿನಾಲ್ಕು ಹೆಜ್ಜೆ ಇಟ್ಟು, ಅತ್ಯಂತ ಶಿಸ್ತಿನಿಂದ, ಆ ಪ್ರಪಾತದ ಅಂಚಿಗೆ ಹೋಗಿ ನಿಂತಿತ್ತು.

ಎ ಸೊನ್ನೆ, ಬಿ ಒಂದು ಕೊಟ್ಟೆ. 0.8603. ಸಮೀಕರಣದಲ್ಲಿ ಇಟ್ಟರೆ ಬೆಲೆ ಹೆಚ್ಚುಕಡಿಮೆ ಸೊನ್ನೆ. ಈಗ ಇಟರೇಶನ್ ಯಾಕೆ ಓಡಿಹೋಗುತ್ತಿತ್ತೆಂದೂ ಹೊಳೆಯಿತು: ಮೂಲದ ಬಳಿ ಬಲಗಡೆಯ ಇಳಿಜಾರು ಒಂದಕ್ಕಿಂತ ಕಡಿದಾಗಿದ್ದರೆ ಪ್ರತಿ ಸುತ್ತಿಗೂ ತಪ್ಪು ದೊಡ್ಡದಾಗುತ್ತದೆ. ಅದೇ ಸಮೀಕರಣವನ್ನು ಟ್ಯಾನ್‌ನ ವಿಲೋಮ ಬಳಸಿ ತಿರುಗಿಸಿ x = atan(1/x) ಎಂದು ಬರೆದೆ. 0.7854. 0.9050. 0.8352. ಒಮ್ಮೆ ಈಚೆ, ಒಮ್ಮೆ ಆಚೆ, ಪ್ರತಿ ಸಲ ಸ್ವಲ್ಪ ಕಡಿಮೆ ತೂಗಾಡುತ್ತಾ, ಹದಿನೈದನೇ ಸುತ್ತಿಗೆ 0.8603ರಲ್ಲಿ ನಿಂತಿತು. ಎರಡೂ ಹೊಂದಿದವು.

ಹಳೆಯ ಉತ್ತರವನ್ನು ಹೊಡೆದುಹಾಕಲು ಹೋಗಿ, ಬಿಟ್ಟೆ. ಪಕ್ಕದಲ್ಲಿ 'ಇದು ಮೂಲವಲ್ಲ, ಇಲ್ಲಿ ಫಂಕ್ಷನ್ ತುಂಡಾಗಿದೆ' ಎಂದು ಬರೆದೆ. ಕೊನೆಗೆ ಬಾಯಿಮಾತಿನ ಪರೀಕ್ಷೆ ವೈವಾದಲ್ಲಿ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ಪ್ರೋಗ್ರಾಂ ತಪ್ಪಿತ್ತಾ? ಪ್ರೋಗ್ರಾಂ ಸರಿಯಿತ್ತು, ನಾನು ಅದನ್ನು ಹುಡುಕಲು ಕಳಿಸಿದ ಜಾಗ ತಪ್ಪಿತ್ತು ಎಂದೆ. ಅವರು ನಕ್ಕರು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕನ್ನಡಕ ಒರೆಸಿಕೊಂಡದ್ದೂ ಇರಬಹುದು. ಪಾಸಾದದ್ದು ಮಾತ್ರ ನೋಟಿಸ್ ಬೋರ್ಡಿನಲ್ಲಿತ್ತು.

ಗೆಳೆಯನನ್ನು ಇವತ್ತಿಗೂ ಕಾಡುತ್ತೇನೆ, ನಿನ್ನ ಒಂದು-ಎರಡು ನಂಬಿ ಹಾಳಾಗುತ್ತಿದ್ದೆ ಎಂದು. ಮೊನ್ನೆ ಜಯನಗರದ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ಅವನು ಖಡಾಖಂಡಿತವಾಗಿ ನಿರಾಕರಿಸಿದ. "ನಾ ಹಂಗ ಅಂದೇ ಇಲ್ಲಲೇ. ಮೊದಲ ಗ್ರಾಫ್ ಹಾಕು ಅಂದಿದ್ದೆ."

ಮನೆಗೆ ಬಂದು ಹಳೆಯ ರೆಕಾರ್ಡ್ ಹುಡುಕಿದೆ. ಬೈಸೆಕ್ಷನ್ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಎರಡು ಟಿಪ್ಪಣಿಗಳಿವೆ. ಒಂದು, 'ಯಾವಾಗಲೂ 1, 2'. ಅದು ನನ್ನ ಅಕ್ಷರ. ಅದರ ಕೆಳಗೆ ಅವನ ಅಕ್ಷರದಲ್ಲಿ, 'ಗ್ರಾಫ್'. ಅದರ ಮೇಲೆ ಟೀ ಲೋಟದ ಗುರುತು ಇದೆ. ಲೋಟ ನನ್ನದೇ ಇರಬೇಕು. ಫೋಟೋ ತೆಗೆದು ಅವನಿಗೆ ಕಳಿಸಿದೆ, ಕೆಳಗೆ ಒಂದೇ ಪದ ಬರೆದು: ಸಾರ್.