ತಣ್ಣಗಾದ ಮೂರನೇ ರಾಶಿ

ಗೊಬ್ಬರದ ಅಂಗಳದಲ್ಲಿ ಗಾಯದ ಗುರುತಿಲ್ಲದ ಮೈ ಒಂದೂ ಇರಲಿಲ್ಲ. ಲೋಡರ್ ಓಡಿಸುವವನಿಗೆ ಎಂಟೇ ಬೆರಳು, ಹಾಗಾಗಿ ಅವನ ಹೆಸರೇ ಎಂಟುಬೆರಳ. ಮೇಸ್ತ್ರಿಯ ಹಣೆಯ ಮೇಲೆ ಹಳೆಯ ಜಗಳದ ಸೀಳು. ಕಡ್ಡಿ ಅಕ್ಕನ ಬೆನ್ನಿನ ಮೇಲೆ ಮೇಸ್ತ್ರಿಯ ಸಲಿಕೆ ಹಿಡಿಯ ಬಾಸುಂಡೆ. ಮಾತಿನಲ್ಲಿ ಮುಗಿಯಬೇಕಾದದ್ದನ್ನು ಮಾತಿನಲ್ಲಿ ಮುಗಿಸುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ.

ಕಡ್ಡಿ ಅಕ್ಕ ಅಂದರೆ ಮೀಟರುದ್ದದ ಉಕ್ಕಿನ ತಾಪಮಾಪಕ ಹಿಡಿದು ರಾಶಿಯಿಂದ ರಾಶಿಗೆ ಓಡಾಡುವ ಹೆಂಗಸು. ತರಕಾರಿ ಮಾರುಕಟ್ಟೆಯ ಕೊಳೆತ ಸೊಪ್ಪು, ಕಸಾಯಿಖಾನೆಯ ರಕ್ತ, ಕರುಳು, ಮರಗೆಲಸದವರ ಹೊಟ್ಟು, ಎಲ್ಲವೂ ಸೇರಿ ಆಳೆತ್ತರದ ರಾಶಿಯಾಗುತ್ತಿತ್ತು. ಅವಳು ಪ್ರತಿ ಬೆಳಿಗ್ಗೆ ಕಡ್ಡಿಯನ್ನು ರಾಶಿಯ ಹೊಟ್ಟೆಗೆ ಚುಚ್ಚಿ, ಮುಳ್ಳು ನಿಂತ ಮೇಲೆ ಓದಿ, ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಹನ್ನೊಂದು ವರ್ಷದಿಂದ ಅದೇ ಕೆಲಸ. ಗಂಡ ಬಿಟ್ಟು ಹೋದ ವಾರವೂ ಒಂದು ದಿನ ತಪ್ಪಿಸಿರಲಿಲ್ಲ.

ರಾಶಿಯೊಳಗೆ ನಡೆಯುವುದೂ ಹೊಡೆದಾಟವೇ ಎಂದು ಅವಳು ನಂಬಿದ್ದಳು. ಹೊಸ ರಾಶಿಯಲ್ಲಿ ಮೊದಲು ಎದ್ದು ಬರುವುದು ಹದವಾದ ಬಿಸಿಯಲ್ಲಿ ಬದುಕುವ ಬ್ಯಾಕ್ಟೀರಿಯಾ. ಸಿಹಿ, ಹಿಟ್ಟು, ಮೆತ್ತಗಿನದ್ದನ್ನೆಲ್ಲ ಗಬಗಬ ತಿನ್ನುತ್ತವೆ. ತಿಂದಷ್ಟೂ ಬಿಸಿ ಹುಟ್ಟುತ್ತದೆ. ಒಂದೆರಡು ದಿನಕ್ಕೆ ನಲವತ್ತು ಡಿಗ್ರಿ ದಾಟಿತೆಂದರೆ, ತಾವೇ ಹುಟ್ಟಿಸಿದ ಬಿಸಿ ತಮಗೇ ತಾಳದೆ ಹಿಂದೆ ಸರಿಯುತ್ತವೆ, ಬಹುಪಾಲು ಸಾಯುತ್ತವೆ. ಆಗ ಬಿಸಿಯನ್ನೇ ಬಯಸುವ ಇನ್ನೊಂದು ಜಾತಿ ಮೇಲೇಳುತ್ತದೆ. ಐವತ್ತೈದು, ಅರವತ್ತು, ಅರವತ್ತೈದು. ಕಳೆಯ ಬೀಜ, ರೋಗದ ಹುಳು ಎಲ್ಲ ಅಲ್ಲಿ ಬೆಂದು ಹೋಗುತ್ತವೆ. ಎಪ್ಪತ್ತು ದಾಟಲು ಬಿಟ್ಟರೆ ಆ ಬಿಸಿಯ ಜಾತಿಯವೂ ಸಾಯತೊಡಗುತ್ತವೆ. ತಿನ್ನಲು ಸುಲಭವಾದದ್ದು ಮುಗಿದ ಮೇಲೆ ಬಿಸಿ ಇಳಿಯುತ್ತದೆ. ಅಂಚಿನಲ್ಲಿ ಅಡಗಿದ್ದ ಮೊದಲಿನ ಜಾತಿಯವು ಮರಳಿ ಬರುತ್ತವೆ, ಜೊತೆಗೆ ಬೂಷ್ಟು, ಕೊನೆಗೆ ಎರೆಹುಳು. ಆಗ ಗೊಬ್ಬರ ಹಣ್ಣಾಯಿತು ಅನ್ನಬೇಕು.

ಆದರೆ ರಾಶಿ ತಣ್ಣಗಾಗಲು ಇನ್ನೊಂದು ಕಾರಣವೂ ಉಂಟು. ಒಳಗೆ ಗಾಳಿ ತೀರಿಹೋದರೆ ಬಿಸಿಯ ಜಾತಿ ಉಸಿರು ಕಟ್ಟಿ ಕೆಲಸ ನಿಲ್ಲಿಸುತ್ತದೆ. ಮುಳ್ಳು ಇಳಿಯುತ್ತದೆ, ರಾಶಿ ಮಾತ್ರ ಹಸಿಯಾಗಿಯೇ ಇರುತ್ತದೆ. ಮಗುಚಿ ಗಾಳಿ ಕೊಟ್ಟು ನೋಡಿದರಷ್ಟೇ ನಿಜ ಗೊತ್ತಾಗುವುದು. ಮತ್ತೆ ಕಾದರೆ ಅದು ಹಸಿ.

ಹೋದ ವರ್ಷ ಮೇಸ್ತ್ರಿ ಮಗುಚಿ ನೋಡಲಿಲ್ಲ. ತಣ್ಣಗಿದ್ದ ಹಸಿ ರಾಶಿಯನ್ನು ಕಡ್ಡಿ ಅಕ್ಕನ ಭಾವನಿಗೆ, ಅಂದರೆ ಅವಳ ಅಕ್ಕನ ಗಂಡನಿಗೆ, ಮಾರಿದ. ಭಾವನದು ಸಸಿ ಬೆಳೆಸುವ ನರ್ಸರಿ. ಹಸಿ ಗೊಬ್ಬರದ ಅಮೋನಿಯಾಕ್ಕೆ ನಾಲ್ಕೇ ದಿನದಲ್ಲಿ ಅಷ್ಟೂ ಸಸಿಗಳ ಬೇರು ಸುಟ್ಟು ಕಪ್ಪಾಯಿತು. ಭಾವ ಮಚ್ಚು ಹಿಡಿದು ಬಂದ. ಮೇಸ್ತ್ರಿ ಆಫೀಸಿನೊಳಗೆ ಸೇರಿ ಚಿಲಕ ಹಾಕಿಕೊಂಡ. ಎದುರಿಗೆ ಸಿಕ್ಕವನು ಲೋಡರಿನವನು. ತಡೆಯಲು ಎತ್ತಿದ ಅವನ ಕೈಯಿಂದ ಎರಡು ಬೆರಳು ನೆಲಕ್ಕೆ ಬಿದ್ದವು. ಭಾವ ಎಂಟು ತಿಂಗಳು ಜೈಲಿನಲ್ಲಿ ಕೂತು ಬಂದ. ಇನ್ನೊಮ್ಮೆ ಹಾಗಾದರೆ ಈ ಸಲ ಬೆರಳಿಗೆ ನಿಲ್ಲುವುದಿಲ್ಲ, ಹೆಣ ಬೀಳುತ್ತದೆ, ಅಕ್ಕನ ಬಾಳು ಮುಗಿಯುತ್ತದೆ ಎಂದು ಕಡ್ಡಿ ಅಕ್ಕನಿಗೆ ಗೊತ್ತಿತ್ತು.

ಸುತ್ತಮುತ್ತ ಬೇರೆ ಗೊಬ್ಬರದ ಅಂಗಳ ಇರಲಿಲ್ಲ, ಹಾಗಾಗಿ ಈ ವರ್ಷವೂ ಮೂರನೇ ರಾಶಿ ಭಾವನಿಗೆ ಹೋಗಬೇಕಿತ್ತು. ಲೋಡರ್ ಕೆಟ್ಟು ಎರಡು ವಾರ ಮಗುಚಿರಲಿಲ್ಲ. ಮುಳ್ಳು ಮೂವತ್ತೊಂಬತ್ತಕ್ಕೆ ಬಂದು ನಿಂತಿತ್ತು.

"ತಣ್ಣಗಾಯ್ತಲ್ಲ. ಗುರುವಾರ ಲೋಡ್ ಮಾಡ್ಸು," ಎಂದ ಮೇಸ್ತ್ರಿ.

ಅವಳು ಕಡ್ಡಿಯನ್ನು ಹೊರಗೆಳೆದು ಮೂಸಿ ನೋಡಿದಳು. ಕೊಳೆತ ಮೊಟ್ಟೆಯ ವಾಸನೆ. "ಉಸಿರು ಕಟ್ಟಿ ತಣ್ಣಗಾಗಿರೋದು ಇದು. ಒಂದ್ಸಲ ಮಗುಚೋಣ."

"ನನಗೇ ಪಾಠ ಹೇಳ್ತೀಯಾ?"

ಬಾಸುಂಡೆ ಬಂದದ್ದು ಆಗ. ಅವಳು ಅಳುವಷ್ಟು ನೋವಾದರೂ ಅವನೆದುರು ಅಳಬಾರದೆಂದು ಹಲ್ಲು ಕಚ್ಚಿ ನಿಂತಳು. ಸೋಮವಾರ ಬೆಳಗಾಗುತ್ತಲೇ, ಮೇಸ್ತ್ರಿ ಬರುವ ಮೊದಲು, ರಿಪೇರಿಯಾಗಿ ಬಂದ ಲೋಡರಿನ ಬಳಿ ಹೋಗಿ ಎಂಟುಬೆರಳನಿಗೆ ಒಂದೇ ಮಾತು ಹೇಳಿದಳು: "ಉಳಿದ ಎಂಟಾದ್ರೂ ಇರಲಿ ಅಂದ್ರೆ ಮೂರನೇದು ಮಗುಚು." ಅವನು ಗಾಡಿ ಏರಿ ಇಡೀ ರಾಶಿಯನ್ನು ಮಗುಚಿದ.

ಮಂಗಳವಾರ ಐವತ್ತೊಂದು. ಬುಧವಾರ ಅರವತ್ತು. ಗುರುವಾರ ಅರವತ್ತನಾಲ್ಕು.

ಭಾವ ಮಧ್ಯಾಹ್ನ ಟ್ರ್ಯಾಕ್ಟರ್ ತಂದ. ಸೀಟಿನ ಕೆಳಗೆ ಗೋಣಿ ಸುತ್ತಿದ ಮಚ್ಚು ಕಾಣುತ್ತಲೇ ಇತ್ತು. ಎಂಟುಬೆರಳ ಲೋಡರಿನಿಂದ ಇಳಿಯಲಿಲ್ಲ.

"ಇದು ಹಸಿ, ಭಾವ. ಅರವತ್ತನಾಲ್ಕು ಇದೆ," ಎಂದಳು ಕಡ್ಡಿ ಅಕ್ಕ.

ಮೇಸ್ತ್ರಿ ಅವಳ ಕೈಯಿಂದ ಕಡ್ಡಿ ಕಿತ್ತುಕೊಂಡು ಮೊಣಕಾಲಿಗೆ ಒತ್ತಿ ಬಗ್ಗಿಸಿದ, ಗಾಜಿನ ಮುಖವನ್ನು ಕಲ್ಲಿಗೆ ಬಡಿದ. "ಕೆಟ್ಟೋಗಿರೋ ಕಡ್ಡಿ ಏನು ಬೇಕಾದ್ರೂ ಹೇಳುತ್ತೆ. ಬಿಸಿಲಿಗೆ ಮೇಲೆ ಸ್ವಲ್ಪ ಕಾದಿದೆ, ಅಷ್ಟೆ. ಒಳಗೆ ತಣ್ಣಗಿದೆ, ತುಂಬ್ಕೊಳ್ಳಿ."

ಭಾವ ಇಬ್ಬರ ಮುಖವನ್ನೂ ನೋಡಿದ. "ಯಾರನ್ನ ನಂಬಲಿ ನಾನು?" ಎಂದು ಸೀಟಿನ ಕೆಳಗೆ ಕೈ ಹಾಕಿದ.

ಕಡ್ಡಿ ಅಕ್ಕ ಸಲಿಕೆಯಿಂದ ರಾಶಿಯ ಬದಿಯನ್ನು ಮೊಳದಾಳ ಅಗೆದು, ಬಲಗೈಯನ್ನು ಭುಜದವರೆಗೆ ಒಳಗೆ ತೂರಿಸಿ ಎಣಿಸತೊಡಗಿದಳು. ಹತ್ತಕ್ಕೆ ಕಣ್ಣಲ್ಲಿ ನೀರು ಬಂತು. ಇಪ್ಪತ್ತಕ್ಕೆ ಧ್ವನಿ ಒಡೆಯಿತು. ನಲವತ್ತಕ್ಕೆ ಕೈ ಹೊರಗೆಳೆದಾಗ ಮೊಣಕೈಯಿಂದ ಕೆಳಗೆ ಕೆಂಪು ಮಾಂಸದ ಬಣ್ಣ, ಅಲ್ಲಲ್ಲಿ ಬೊಬ್ಬೆ ಏಳುತ್ತಿತ್ತು.

ಭಾವ ಮಚ್ಚನ್ನು ಅಲ್ಲೇ ಬಿಟ್ಟ. ಮೇಸ್ತ್ರಿಯ ಕೊರಳಪಟ್ಟಿ ಹಿಡಿದು ಎಳೆದು ತಂದು, ಮೊಣಕಾಲಲ್ಲಿ ಒತ್ತಿ ಕೆಡವಿ, ಅವನ ಬಲಗೈಯನ್ನು ಅದೇ ತೂತಿಗೆ ತುರುಕಿದ. "ತಣ್ಣಗಿದೆ ಅಂದ್ಯಲ್ಲ. ಈಗ ಹೇಳು."

ಮೇಸ್ತ್ರಿ ಒದ್ದಾಡಿದ, ಉಗುಳಿದ, ಆಮೇಲೆ ಅರಚಿದ. ಭಾವ ಕಡ್ಡಿ ಅಕ್ಕನ ಕಡೆ ತಿರುಗಿ, "ಎಣಿಸಮ್ಮ," ಎಂದ.

ಅವಳು ಎಣಿಸಿದಳು. ಬೇಕೆಂದೇ ನಿಧಾನವಾಗಿ ಎಣಿಸಿದಳು. ಬೆನ್ನಿನ ಬಾಸುಂಡೆ ನೆನಪಾಯಿತು, ಹಿತವಾಯಿತು. ಆ ಹಿತಕ್ಕೆ ಆಮೇಲೆ ಎಷ್ಟೋ ದಿನ ನಾಚಿಕೆಪಟ್ಟಳು. ಮೂವತ್ತಕ್ಕೆ ಮೇಸ್ತ್ರಿ, "ಹಸಿ, ಹಸಿ ಇದು, ಬಿಡ್ಸಿ," ಎಂದು ಬಿಕ್ಕಿದ.

ಭಾವ ಬಿಡಲಿಲ್ಲ. ಅವನ ಕಣ್ಣು ಟ್ರ್ಯಾಕ್ಟರಿನ ಸೀಟಿನ ಕಡೆ ಹೊರಳಿತು. ಹೋದ ವರ್ಷ ಅವನ ಮುಖ ಹೇಗಿತ್ತೋ ಈಗಲೂ ಹಾಗೇ ಇತ್ತು. ಅಷ್ಟರಲ್ಲಿ ಎಂಟುಬೆರಳ ಲೋಡರಿನಿಂದ ಇಳಿದು ಬಂದು, ಎರಡು ಬೆರಳಿಲ್ಲದ ಕೈಯನ್ನು ಭಾವನ ಭುಜದ ಮೇಲಿಟ್ಟ.

ಭಾವ ಆ ಕೈಯನ್ನು ನೋಡಿದ. ಹಿಡಿತ ಸಡಿಲವಾಯಿತು.

"ನಲವತ್ತು," ಎಂದಳು ಕಡ್ಡಿ ಅಕ್ಕ.

ಮೇಸ್ತ್ರಿ ದೂರು ಕೊಡಲಿಲ್ಲ. ಕೊಟ್ಟರೆ ಗೊತ್ತಿದ್ದೂ ಎರಡನೇ ಸಲ ಹಸಿ ರಾಶಿ ಮಾರಲು ಹೊರಟದ್ದು ಹೊರಗೆ ಬರುತ್ತಿತ್ತು. ಕೈಗೆ ಪಟ್ಟಿ ಸುತ್ತಿಕೊಂಡು ಬಂದ ಮೊದಲ ದಿನವೇ, ಯಾರೂ ಕೇಳುವ ಮೊದಲೇ, "ಮೂರನೇದು ಮಗುಚ್ರೋ," ಎಂದ.

ಎರಡು ತಿಂಗಳು ಮಗುಚುತ್ತ ಹೋದರು. ಪ್ರತಿ ಸಲ ಬಿಸಿ ಏರುವುದು ಕಡಿಮೆಯಾಗುತ್ತ ಬಂತು. ಕೊನೆಯ ಎರಡು ಸಲ ಮಗುಚಿದರೂ ಹೊಸ ಕಡ್ಡಿಯ ಮುಳ್ಳು ಅಲುಗಲಿಲ್ಲ. ವಾಸನೆ ಒದ್ದೆ ಮಣ್ಣಿನದು. ಸಲಿಕೆಗೆ ಎರೆಹುಳು ಸಿಕ್ಕವು.

ಭಾವ ಮತ್ತೆ ಟ್ರ್ಯಾಕ್ಟರ್ ತಂದ. ಈ ಸಲ ಪಕ್ಕದಲ್ಲಿ ಅಕ್ಕನೂ ಕೂತಿದ್ದಳು. ಸೀಟಿನ ಕೆಳಗೆ ಬರೀ ಗೋಣಿ. ಕಡ್ಡಿ ಅಕ್ಕ ಯಾರೂ ಕೇಳದೆಯೇ ರಾಶಿಯೊಳಗೆ ಕೈ ತೂರಿಸಿ ನೂರರವರೆಗೆ ಎಣಿಸಿದಳು.

"ಎಡಗೈ ಯಾಕೆ ಹಾಕ್ದೆ?" ಎಂದು ಕೇಳಿದಳು ಅಕ್ಕ.

"ಬಲಗೈಗೆ ಈಗ ಬಿಸಿ ಯಾವ್ದು ತಣ್ಣಗೆ ಯಾವ್ದು ಗೊತ್ತಾಗಲ್ಲ ಕಣಕ್ಕ."

ಅಕ್ಕ ಇಳಿದು ಬಂದು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಭಾವ ಅತ್ತ ನೋಡಲಾರದೆ ಸಲಿಕೆ ಎತ್ತಿಕೊಂಡ. ಎಂಟುಬೆರಳ ಗೋಣಿಯ ಬಾಯಿ ಹಿಡಿದ, ಭಾವ ಒಬ್ಬನೇ ತುಂಬಿಸಿದ.