ಭಾಗಾಕಾರದ ಶನಿವಾರ

ಎಂಬತ್ತರ ದಶಕದಲ್ಲಿ, ಕುಂದಗೋಳದ ಹತ್ತಿರ ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಒಂದು ಪ್ರಯೋಗವಿತ್ತು. ಪ್ರತಿ ಕೌಶಲಕ್ಕೂ ಕೊನೆಯ ಮೂರು ಪರೀಕ್ಷೆಗಳಲ್ಲಿ ಸಿಕ್ಕ ಅತಿ ಮೇಲಿನ ಮಟ್ಟವೇ ವರ್ಷದ ಕೊನೆಗೆ ಅಂತಿಮ. ಒಬ್ಬ ಹುಡುಗಿಗೆ ಭಾಗಾಕಾರದಲ್ಲಿ ಮೊದಲು ಮೂರನೆಯ ಮಟ್ಟ, ಆಮೇಲೆ ಎರಡು ಸಲ ಎರಡನೆಯದು ಬಂದಿತ್ತು. ಇನ್ನೊಮ್ಮೆ ಬರೆದರೆ ಆ ಹಳೆಯ ಮೂರು ಲೆಕ್ಕಕ್ಕಿಲ್ಲ. ಮೂರಿಲ್ಲದಿದ್ದರೆ ಶಾಲೆ ಬಿಡಿಸುವೆನೆಂದು ಅವಳ ಅಪ್ಪ ಹೇಳಿದ್ದ.

ಶನಿವಾರದ ಪರೀಕ್ಷೆ ಯಾರಿಗೂ ತಪ್ಪುತ್ತಿರಲಿಲ್ಲ.

"ಇವತ್ತೊಂದಿನ ಬಿಡ್ರಿ ಸರ. ಇದ್ದದ್ದೂ ಹೊಕ್ಕೈತಿ," ಎಂದಳು.

"ಕುಂದ್ರವ್ವಾ, ಬರಿ," ಎಂದೆ.

ಭಾಗಲಬ್ಧದ ನಡುವೆ ಸೊನ್ನೆ ಬರಬೇಕಾದಲ್ಲಿ ಅವಳ ಬಳಪ ನಿಂತಿತು. ಹಿಂದೆ ಎರಡೂ ಸಲ ತಪ್ಪಿದ್ದು ಅಲ್ಲಿಯೇ. ನಾನು ಕಿಟಕಿಯ ಕಡೆ ತಿರುಗಿದೆ. ಮತ್ತೆ ನೋಡಿದಾಗ ಸೊನ್ನೆ ಇತ್ತು. ತಿದ್ದಿ ಮೂರನೆಯ ಮಟ್ಟ ಹಾಕಿದೆ.

"ಈ ವರ್ಷ ಉಳಿದದ್ದು ಎರಡ ಶನಿವಾರ. ಇನ್ನ ಈ ಮೂರು ಎಲ್ಲೂ ಹೋಗೂದಿಲ್ಲ," ಎಂದೆ.